ನಿಷ್ಠೆಯ ಬೆಲೆ: ಅಂಗಡಿಯ ಪಾಯಿಂಟು ಯೋಜನೆಯ ಲೆಕ್ಕಾಚಾರ

ನೂರು ರೂಪಾಯಿ ವ್ಯಾಪಾರಕ್ಕೆ ಒಂದು ಪಾಯಿಂಟು, ಪಾಯಿಂಟಿಗೊಂದು ರೂಪಾಯಿ ಎಂದು ಫಲಕ ತೂಗುಹಾಕುವ ವರ್ತಕನಿಗೆ, ತಾನು ಕೊಡುತ್ತಿರುವುದು ಶೇಕಡಾ ಒಂದೇ ತಾನೆ ಎಂಬ ಸಮಾಧಾನವಿರುವುದು ಸಹಜ. ಆದರೆ ಆ ಒಂದು ರೂಪಾಯಿ ಹೊಸದಾಗಿ ಬಂದ ವ್ಯಾಪಾರದ ಮೇಲೆ ಮಾತ್ರವಲ್ಲದೆ, ಯೋಜನೆ ಇರಲಿ ಇಲ್ಲದಿರಲಿ ಬಂದೇ ಬರುತ್ತಿದ್ದ ವ್ಯಾಪಾರದ ಮೇಲೂ ಸಂದಾಯವಾಗುತ್ತದೆ ಎಂಬ ಸಂಗತಿಯಲ್ಲಿಯೇ ಈ ವಿಷಯದ ಮರ್ಮವೆಲ್ಲ ಅಡಗಿದೆ.

ಮೈಸೂರಿನಂಥ ಊರಿನ ನಾಲ್ಕು ಬಡಾವಣೆಗಳಲ್ಲಿ ಶಾಖೆಗಳುಳ್ಳ ಒಂದು ದಿನಸಿ ವ್ಯಾಪಾರವನ್ನು ಕಲ್ಪಿಸಿಕೊಳ್ಳೋಣ. ಸರಕಿನ ಅಸಲು ಕಳೆದು ನೂರಕ್ಕೆ 12 ರೂಪಾಯಿ ಉಳಿಯುತ್ತದೆಂದೂ, ಒಂದು ಮನೆಯವರು ತಿಂಗಳಿಗೆ 2,000 ರೂಪಾಯಿಯ ಸಾಮಾನು ಕೊಳ್ಳುವರೆಂದೂ ಇಟ್ಟುಕೊಳ್ಳಿ. ಶೇಕಡಾ ಒಂದರಂತೆ ಅವರಿಗೆ 20 ರೂಪಾಯಿ ಸಲ್ಲುತ್ತದೆ. ಈ 20 ರೂಪಾಯಿಯನ್ನು ಮರಳಿ ಗಳಿಸಬೇಕಾದದ್ದು ಅವರು ಹೆಚ್ಚಾಗಿ ಕೊಳ್ಳುವ ಸರಕಿನಿಂದ. ಅದರಲ್ಲಿಯೂ 12ರಿಂದ ಒಂದು ರೂಪಾಯಿ ಪಾಯಿಂಟಿಗೆ ಹೋಗಿ ಹನ್ನೊಂದೇ ಉಳಿಯುವುದರಿಂದ, ಸುಮಾರು 182 ರೂಪಾಯಿಯ ಹೆಚ್ಚಿನ ವ್ಯಾಪಾರ, ಎಂದರೆ ಶೇಕಡಾ ಒಂಬತ್ತರ ಏರಿಕೆ, ಆದಲ್ಲದೆ ವರ್ತಕನು ಮೊದಲಿದ್ದ ಸ್ಥಿತಿಗೂ ಬರಲಾರ. ಪಕ್ಕದಂಗಡಿಯವನಿಗೆ ಸ್ಪರ್ಧೆಯೊಡ್ಡಲು ಕೊಡುಗೆಯನ್ನು ಶೇಕಡಾ ಎರಡಕ್ಕೆ ಏರಿಸಿದನೆಂದರೆ, 40 ರೂಪಾಯಿಯನ್ನು ನೂರಕ್ಕೆ ಹತ್ತರಂತೆ ದುಡಿಯಬೇಕಾಗಿ, ಬೇಕಾದ ಹೆಚ್ಚುವರಿ ವ್ಯಾಪಾರ 400 ರೂಪಾಯಿಗೆ, ಶೇಕಡಾ ಇಪ್ಪತ್ತಕ್ಕೆ, ನೆಗೆಯುತ್ತದೆ. ಕೊಡುಗೆ ಇಮ್ಮಡಿಯಾದರೆ ಹೊರೆ ಇಮ್ಮಡಿಗೂ ಮಿಗಿಲಾಗುವುದು.

ಆದಕಾರಣ ಕೊಡುಗೆಯನ್ನು ದೊಡ್ಡದು ಮಾಡುವುದಕ್ಕಿಂತ ಹತ್ತಿರ ತರುವುದು ಲೇಸು. ಇದಕ್ಕೆ ಮನೋವಿಜ್ಞಾನದ ಆಧಾರವೂ ಉಂಟು. ಆಹಾರ ಸಮೀಪಿಸಿದಂತೆ ಇಲಿಯ ಓಟ ತೀವ್ರವಾಗುವುದನ್ನು ಅಮೆರಿಕದ ಕ್ಲಾರ್ಕ್ ಹಲ್ 1930ರ ದಶಕದಲ್ಲಿಯೇ ಗುರುತಿಸಿದ್ದನು. ಜೋಸೆಫ್ ನ್ಯೂನ್ಸ್ ಮತ್ತು ಝೇವಿಯರ್ ಡ್ರೆಝ್ ಎಂಬಿಬ್ಬರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಸ್ವಾರಸ್ಯಕರ. ಕಾರು ತೊಳೆಯುವ ಅಂಗಡಿಯೊಂದರಲ್ಲಿ ಕೆಲವರಿಗೆ ಎಂಟು ಮುದ್ರೆಗಳ ಚೀಟಿಯನ್ನೂ, ಉಳಿದವರಿಗೆ ಹತ್ತು ಮುದ್ರೆಗಳದ್ದಾದರೂ ಎರಡನ್ನು ಮೊದಲೇ ಒತ್ತಿದ್ದ ಚೀಟಿಯನ್ನೂ ಹಂಚಿದರು. ಇಬ್ಬರೂ ತೊಳೆಸಬೇಕಾದದ್ದು ಎಂಟೇ ಸಾರಿ. ಆದರೂ ಚೀಟಿ ಪೂರೈಸಿದವರು ಮೊದಲ ಗುಂಪಿನಲ್ಲಿ ಶೇಕಡಾ 19, ಎರಡನೆಯದರಲ್ಲಿ ಶೇಕಡಾ 34. ನಮ್ಮ ದಿನಸಿ ಅಂಗಡಿಯೂ ಐವತ್ತು ಪಾಯಿಂಟಿನ ಗುರಿಯ ಬದಲು ಅರವತ್ತರ ಗುರಿಯಿಟ್ಟು ಹತ್ತನ್ನು ಮೊದಲೇ ಜಮೆ ಮಾಡಿ, ಗುರಿ ಮುಟ್ಟಿದವರಿಗೆ 50 ರೂಪಾಯಿಯ ಸಾಮಾನು ಕೊಟ್ಟರೆ, ಪ್ರತಿ ಕೊಡುಗೆಯ ವೆಚ್ಚದಲ್ಲಿ ಭೇದವಿಲ್ಲದೆ ಉತ್ಸಾಹ ಹೆಚ್ಚೀತು. ಮೇಲೆ ಹೇಳಿದ ಮನೆಯವರು ಎರಡೂವರೆ ತಿಂಗಳಲ್ಲಿ ಅದನ್ನು ಮುಟ್ಟುವರು. ವರ್ಷಗಟ್ಟಲೆ ಕಾಯಿಸುವ ಗುರಿಯಾದರೆ ಚೀಟಿ ಗೂಡಿನಲ್ಲಿಯೇ ಮರೆತುಹೋಗುತ್ತದೆ.

ಎಲ್ಲ ಸರಕಿಗೂ ಒಂದೇ ದರ ಸಲ್ಲದು. ಸಕ್ಕರೆ, ಅಡುಗೆ ಎಣ್ಣೆಗಳಲ್ಲಿ ನೂರಕ್ಕೆ ನಾಲ್ಕೇ ರೂಪಾಯಿ ಉಳಿಯುವ ಅಂಗಡಿಯಲ್ಲಿ ಒಂದು ಪಾಯಿಂಟೆಂದರೆ ಲಾಭದ ಕಾಲು ಭಾಗ. ಅವುಗಳನ್ನು ಹೊರಗಿಟ್ಟು, ಅಂಗಡಿಯವರೇ ಪೊಟ್ಟಣ ಕಟ್ಟುವ ಬೇಳೆ, ಸಾರಿನ ಪುಡಿಗಳಿಗೆ ಪಾಯಿಂಟು ಹೆಚ್ಚಿಸುವುದು ಯುಕ್ತ. ಇದನ್ನು ಫಲಕದಲ್ಲಿಯೇ ಸ್ಪಷ್ಟವಾಗಿ ಬರೆದಿರಬೇಕು. ಬಿಲ್ಲಿನ ಮುಂದೆ ನಿಂತಾಗ ತಿಳಿದರೆ ಗಿರಾಕಿ ವಂಚನೆಯೆಂದೇ ಬಗೆಯುವನು.

ಕೊಟ್ಟ ಪಾಯಿಂಟು ಸಾಲವೆಂಬುದನ್ನೂ ಮರೆಯಲಾಗದು. ಸದಸ್ಯರ ಖರೀದಿ ತಿಂಗಳಿಗೆ 18 ಲಕ್ಷವಾದರೆ 18,000 ರೂಪಾಯಿಯ ಋಣ ಹುಟ್ಟುತ್ತದೆ. ಅದರಲ್ಲಿ ಕೆಲವನ್ನು ಯಾರೂ ಕೇಳಲಾರರೆಂಬುದು ನಿಜವಾದರೂ, ಮೊದಲ ವರ್ಷ ಅನುಭವವಿಲ್ಲದುದರಿಂದ ಪೂರ್ಣ ಮೊತ್ತವನ್ನೇ ತೆಗೆದಿಡುವುದು ವಿವೇಕ. ಕಡೆಯ ಖರೀದಿಯಿಂದ ಹನ್ನೆರಡು ತಿಂಗಳೆಂಬ ಅವಧಿಯನ್ನು ಆರಂಭದಲ್ಲಿಯೇ ಸಾರಿದ್ದರೆ ಋಣ ಮಿತಿಮೀರಿ ಬೆಳೆಯದು. ಇನ್ನೊಂದು ಸೋರಿಕೆ ಗಲ್ಲಾಪೆಟ್ಟಿಗೆಯ ಬಳಿಯದು: ಸದಸ್ಯರಲ್ಲದವರ ಬಿಲ್ಲುಗಳಿಗೆ ನೌಕರನೊಬ್ಬನು ತನ್ನವರ ಮೊಬೈಲ್ ಸಂಖ್ಯೆಯನ್ನು ಒತ್ತುವುದುಂಟು. ಒಂದೇ ಸಂಖ್ಯೆಗೆ ಒಂದೇ ದಿನ ಹತ್ತಾರು ಬಿಲ್ಲು ಸೇರಿದ್ದರೆ ಅನುಮಾನಿಸಬೇಕು.

ಯೋಜನೆ ಫಲಿಸಿತೇ ಎಂಬುದನ್ನು ಸದಸ್ಯರ ಖರೀದಿಯನ್ನು ಇತರರದಕ್ಕೆ ಹೋಲಿಸಿ ಹೇಳುವ ವಾಡಿಕೆ ತಪ್ಪು. ಹೆಚ್ಚು ಕೊಳ್ಳುವವರೇ ಮೊದಲು ಸದಸ್ಯರಾಗುತ್ತಾರೆ. ಎರಡು ಶಾಖೆಗಳಲ್ಲಿ ಮಾತ್ರ ಯೋಜನೆಯನ್ನು ಆರಂಭಿಸಿ, ಉಳಿದೆರಡನ್ನು ಆರು ತಿಂಗಳು ಹಾಗೆಯೇ ಬಿಟ್ಟು, ಎರಡು ಜೋಡಿಗಳ ಮಾರಾಟವನ್ನೂ ಹಿಂದಿನ ವರ್ಷದ ಅದೇ ತಿಂಗಳುಗಳೊಡನೆ ಹೋಲಿಸಬೇಕು. ಮಾರಾಟದಲ್ಲಿ ಸದಸ್ಯರ ಪಾಲು ಶೇಕಡಾ 60 ಎಂದಾದರೆ, ಯೋಜನೆಯಿರುವ ಶಾಖೆಗಳ ಏರಿಕೆ ಉಳಿದವುಗಳಿಗಿಂತ ಶೇಕಡಾ ಐದೂವರೆಯಷ್ಟಾದರೂ ಹೆಚ್ಚಿರಬೇಕು. ಅಷ್ಟು ಕಾಣದಿದ್ದಲ್ಲಿ ಹೊಸ ಪಾಯಿಂಟು ನಿಲ್ಲಿಸಿ, ಮೂರು ತಿಂಗಳ ನೋಟೀಸು ಕೊಟ್ಟು, ಹಳೆಯವನ್ನೆಲ್ಲ ತೀರಿಸಿಬಿಡಿ. ಆ ಹಣ ಗಿರಾಕಿಗಳದ್ದು.