ಮ್ಯಾನೇಜರ್ ಮೇಡಂ ಅವರ ಕೊನೆಯ ಏಳು ನಿಮಿಷ

ಬ್ಯಾಂಕಿನವರು ಅರವತ್ತು ತುಂಬಿದ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ತಿಂಗಳ ಕೊನೆಯಾದ್ದರಿಂದ ಕೆಲಸವೂ ಹೆಚ್ಚಿರುತ್ತದೆ. ಕ್ಯಾಶ್ ಟ್ಯಾಲಿ ಆಗಿ, ಸ್ಟ್ರಾಂಗ್ ರೂಮಿನ ಕೀಲಿ ಹೊಸ ಮ್ಯಾನೇಜರ್ ಕೈ ಸೇರಿ, ಚಾರ್ಜ್ ಪತ್ರಕ್ಕೆ ಸಹಿ ಬೀಳುವ ಹೊತ್ತಿಗೆ ಸಂಜೆಯಾಗಿರುತ್ತದೆ. ಆಮೇಲೆ ಬ್ಯಾಂಕಿನ ಹಾಲ್‌ನಲ್ಲೇ ಕುರ್ಚಿ ಹಾಕಿ, ಶಾಲು, ಹಾರ, ಹಣ್ಣಿನ ಬುಟ್ಟಿ ತರಿಸಿ ಬೀಳ್ಕೊಡುಗೆ ನಡೆಯುತ್ತದೆ. ರೀಜನಲ್ ಆಫೀಸಿನವರು, ಯೂನಿಯನ್ ಮುಖಂಡರು, ಸಹೋದ್ಯೋಗಿಗಳು ಎಲ್ಲರೂ ಮಾತಾಡಿದ ಮೇಲೆ, ಕೊನೆಗೆ ನಿವೃತ್ತರಾಗುವವರ ಸರದಿ. ಅಷ್ಟರಲ್ಲಿ ಕೇಳುಗರಿಗೆ ಹಸಿವಾಗಿರುತ್ತದೆ. ಆರೇಳು ನಿಮಿಷಕ್ಕಿಂತ ಹೆಚ್ಚು ಆ ಮಾತಿಗೆ ಜಾಗವಿಲ್ಲ.

ಆ ಏಳು ನಿಮಿಷವನ್ನು ಯಾವ ಭಾಷೆಯಲ್ಲಿ ಆಡುವುದು? ಇದು ಈಗ ನಿಜವಾಗಿಯೂ ಯೋಚಿಸಬೇಕಾದ ಸಂಗತಿ. 2011ರಿಂದ ಹೆಚ್ಚಿನ ಸರ್ಕಾರಿ ಬ್ಯಾಂಕುಗಳ ಪ್ರೊಬೇಷನರಿ ಆಫೀಸರ್‌ಗಳ ನೇಮಕಾತಿಗೆ ಐಬಿಪಿಎಸ್ ನಡೆಸುವ ಸಾಮಾನ್ಯ ಪರೀಕ್ಷೆಯಿದೆ. ಅದರಲ್ಲಿ ಗೆದ್ದವರನ್ನು ದೇಶದ ಯಾವ ಮೂಲೆಗೂ ಹಾಕಬಹುದು. ಹಾಗಾಗಿ ಮಲೆನಾಡಿನ ತಾಲ್ಲೂಕು ಕೇಂದ್ರದ ಶಾಖೆಯಲ್ಲೂ ಬಿಹಾರದ ಒಬ್ಬರು, ಆಂಧ್ರದ ಒಬ್ಬರು ಆಫೀಸರ್‌ಗಳು ಸಿಗುತ್ತಾರೆ. ಕ್ಲರ್ಕ್‌ಗಳ ನೇಮಕಾತಿ ರಾಜ್ಯವಾರು ಆಗುವುದರಿಂದ ಅವರಿಗೆ ಕನ್ನಡ ಬರುತ್ತದೆ. ಇನ್ನುಳಿದವರು ಅಡಿಕೆ ಬೆಳೆಗಾರರು, ಅಂಗಡಿಯವರು, ಪಿಗ್ಮಿ ಏಜೆಂಟ್, ಸೆಕ್ಯುರಿಟಿ, ಮನೆಯವರು.

ಇಂಥದೇ ಒಂದು ಶಾಖೆಯಿಂದ ನಿವೃತ್ತರಾಗುವ ಮ್ಯಾನೇಜರ್ ಮೇಡಂ ಒಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅವರು 1987ರಲ್ಲಿ ಸಿಂಡಿಕೇಟ್ ಬ್ಯಾಂಕಿಗೆ ಕ್ಲರ್ಕ್ ಆಗಿ ಸೇರಿದವರು. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ, ಕೆನರಾದವರಾಗಿ ನಿವೃತ್ತರಾಗುತ್ತಿದ್ದಾರೆ.

ಇಂಥ ಸಭೆಯಲ್ಲಿ ಎರಡು ತಪ್ಪು ದಾರಿಗಳಿವೆ. ಒಂದು, ಪ್ರತಿ ವಾಕ್ಯವನ್ನೂ ಕನ್ನಡದಲ್ಲಿ ಹೇಳಿ ಮತ್ತೆ ಇಂಗ್ಲಿಷಿನಲ್ಲಿ ಹೇಳುವುದು. ಆಗ ಏಳು ನಿಮಿಷ ಹದಿನಾಲ್ಕಾಗುತ್ತದೆ, ಎರಡೂ ಭಾಷೆ ಬಲ್ಲವರು ಗಡಿಯಾರ ನೋಡತೊಡಗುತ್ತಾರೆ. ಇನ್ನೊಂದು, ಗೊತ್ತಿಲ್ಲದಂತೆಯೇ ಒಂದೇ ವಾಕ್ಯದಲ್ಲಿ ಎರಡನ್ನೂ ಕಲಸುವುದು: ‘ಐ ಆಮ್ ರಿಯಲಿ ಗ್ರೇಟ್‌ಫುಲ್, ಯಾಕಂದ್ರೆ ನೀವೆಲ್ಲ ತುಂಬಾ ಕೋಆಪರೇಟ್ ಮಾಡಿದ್ರಿ, ಇಟ್ ಮೀನ್ಸ್ ಎ ಲಾಟ್’. ಬಿಹಾರದ ಹುಡುಗನಿಗೆ ಅರ್ಧ ತಿಳಿಯಿತು, ಅಡಿಕೆ ಬೆಳೆಗಾರರಿಗೆ ಇನ್ನರ್ಧ. ಪೂರ್ತಿ ಮಾತು ಇಬ್ಬರಿಗೂ ಸಿಗಲಿಲ್ಲ.

ಮೇಡಂ ಮಾಡಬೇಕಾದ್ದು ಇಷ್ಟೇ. ಭಾಷಣದ ಮೈಯೆಲ್ಲ ಕನ್ನಡದಲ್ಲಿರಲಿ. ಇಂಗ್ಲಿಷು ನಾಲ್ಕೈದು ಕಡೆ ಮಾತ್ರ ಬರಲಿ, ಬಂದಾಗ ಪೂರ್ತಿ ವಾಕ್ಯವಾಗಿ ಬರಲಿ, ಯಾರಿಗೆ ಹೇಳುತ್ತಿದ್ದಾರೋ ಅವರ ಕಡೆ ಮುಖ ಮಾಡಿ ಬರಲಿ. ಪಾಸ್‌ಬುಕ್, ಚಲನ್, ಲೋನು, ಓವರ್‌ಡ್ಯೂ ಇವು ಆ ಲೆಕ್ಕಕ್ಕೆ ಸೇರುವುದಿಲ್ಲ. ಅವು ಸಂತೆಗೆ ಬರುವವರ ಬಾಯಲ್ಲೂ ಇರುವ ಮಾತುಗಳು. ಅವುಗಳ ಬದಲು ಗ್ರಂಥದ ಪದ ತಂದರೆ ಯಾರಿಗೂ ಅರ್ಥವಾಗದು.

ಒಂದು ಭಾಗವನ್ನು ಬಿಡಿಸಿ ನೋಡೋಣ. ಹಳೆಯ ದಿನಗಳ ನೆನಪಿಲ್ಲದೆ ಬೀಳ್ಕೊಡುಗೆ ಇಲ್ಲ. ಮೇಡಂ ಹೀಗೆ ಹೇಳಬಹುದು:

‘ಹಿರಿಯರಿಗೆ ನೆನಪಿರಬಹುದು. ಆಗೆಲ್ಲ ಹತ್ತನೇ ತಾರೀಖಿನೊಳಗೆ ದುಡ್ಡು ಕಟ್ಟೋಕೆ ನೀವೆಲ್ಲ ಓಡಿ ಬರ್ತಿದ್ರಿ. ಹತ್ತು ದಾಟಿದ್ರೆ ಆ ತಿಂಗಳ ಬಡ್ಡಿ ಸಿಗ್ತಿರಲಿಲ್ಲ. ಆರು ತಿಂಗಳಿಗೊಮ್ಮೆ ಆ ಬಡ್ಡೀನೆಲ್ಲ ನಾವು ಕೈಯಲ್ಲೇ ಲೆಕ್ಕ ಹಾಕ್ತಿದ್ವಿ. ಲೆಡ್ಜರ್ ಬ್ಯಾಲೆನ್ಸ್ ಮಾಡುವಾಗ ಹತ್ತು ಪೈಸೆ ವ್ಯತ್ಯಾಸ ಬಂದ್ರೂ ರಾತ್ರಿ ಮನೆಗೆ ಹೋಗೋ ಹಾಗಿರಲಿಲ್ಲ. ದೇರ್ ವಾಸ್ ನೋ ಸಿಸ್ಟಮ್, ಮೈ ಡಿಯರ್ ಆಫೀಸರ್ಸ್. ವಿ ವರ್ ದ ಸಿಸ್ಟಮ್.’

ಇದರಲ್ಲಿ ಕಟ್ಟಿದ ಕಥೆಯಿಲ್ಲ. ಉಳಿತಾಯ ಖಾತೆಗೆ ಹತ್ತನೇ ತಾರೀಖಿನಿಂದ ತಿಂಗಳ ಕೊನೆಯವರೆಗೆ ಇದ್ದ ಕನಿಷ್ಠ ಮೊತ್ತದ ಮೇಲೆ ಬಡ್ಡಿ ಕೊಡುವ ಪದ್ಧತಿ ಇತ್ತು. 2010ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕು ಅದನ್ನು ದಿನದ ಲೆಕ್ಕಕ್ಕೆ ಬದಲಿಸಿತು. ಹಿರಿಯ ಗ್ರಾಹಕರೂ ಹಳೆಯ ಸಿಬ್ಬಂದಿಯೂ ಕೌಂಟರಿನ ಎರಡು ಬದಿಯಲ್ಲಿ ನಿಂತು ಕಂಡ ಅನುಭವವಾದ್ದರಿಂದ ಇದು ಇಡೀ ಸಭೆಗೆ ಸೇರಿದ್ದು. ಕೊನೆಯ ಎರಡು ಇಂಗ್ಲಿಷ್ ವಾಕ್ಯಗಳು ಕಂಪ್ಯೂಟರ್ ಬಿಟ್ಟು ಬೇರೇನೂ ಕಂಡಿರದ ಹುಡುಗರಿಗೆ. ಅವರಿಗೆ ಹಿಂದಿನ ಕನ್ನಡ ತಿಳಿಯದಿದ್ದರೂ ಆ ವಾಕ್ಯಗಳು ತಾವೇ ನಿಲ್ಲುತ್ತವೆ. ಇಂಗ್ಲಿಷ್ ಬಾರದವರಿಗೂ ನಷ್ಟವಿಲ್ಲ, ಕಥೆ ಅವರಿಗೆ ಆಗಲೇ ಮುಟ್ಟಿರುತ್ತದೆ.

ಹೊರರಾಜ್ಯದ ಆಫೀಸರ್‌ಗಳಿಗೆ ಇನ್ನೊಂದು ಮಾತು ನೇರವಾಗಿ ಇರಬೇಕು: ‘ಯು ಕೇಮ್ ಹಿಯರ್ ವಿದೌಟ್ ಎ ವರ್ಡ್ ಆಫ್ ಕನ್ನಡ. ಟುಡೇ ಯು ಆಸ್ಕ್ ಅವರ್ ಕಸ್ಟಮರ್ಸ್, ಊಟ ಆಯ್ತಾ? ಫಾರ್ ಮಿ, ದಟ್ ಡೇ ಯು ಕ್ಲಿಯರ್ಡ್ ಯುವರ್ ಪ್ರೊಬೇಷನ್.’ ನಡುವೆ ಬರುವ ಎರಡು ಕನ್ನಡ ಪದಗಳಿಂದ ರೈತರಿಗೂ ಯಾರ ಬಗ್ಗೆ ಮಾತು ಎಂದು ಗೊತ್ತಾಗುತ್ತದೆ.

ಭಾಷೆಗಿಂತ ದೊಡ್ಡ ಎಚ್ಚರಿಕೆ ಸಾಲದ ವಿಷಯದಲ್ಲಿ ಬೇಕು. ಎನ್‌ಪಿಎ ಇಳಿಸಿದ್ದು ಮ್ಯಾನೇಜರ್‌ಗೆ ಹೆಮ್ಮೆಯ ಸಂಗತಿ. ಸಾಮಾನ್ಯ ಸಾಲದ ಕಂತು 90 ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ, ಅಲ್ಪಾವಧಿ ಬೆಳೆಗೆ ಕೊಟ್ಟ ಸಾಲ ಎರಡು ಬೆಳೆ ಹಂಗಾಮು ದಾಟಿದರೆ ಅದು ಎನ್‌ಪಿಎ. ರೀಜನಲ್ ಆಫೀಸಿನವರ ಮುಂದೆ ಆ ಅಂಕಿ ಹೇಳುವ ಆಸೆಯಾಗುವುದು ಸಹಜ. ಆದರೆ ಎದುರಿಗೆ ಕೂತವರಲ್ಲಿ ಆ ಸಾಲಗಾರರೂ ಇರಬಹುದು. ‘ಇವರು ಕಷ್ಟದಲ್ಲಿದ್ದಾಗ ಲೋನ್ ಕೊಟ್ಟೆ, ಪೂರ್ತಿ ತೀರಿಸಿದರು’ ಎಂದು ಒಬ್ಬರನ್ನು ತೋರಿಸಿ ಹೊಗಳಿದರೂ ಅವರ ಖಾತೆಯ ಗುಟ್ಟು ಬಯಲಾಯಿತು. ಗ್ರಾಹಕರ ವ್ಯವಹಾರ ಹೊರಗೆಡಹುವುದಿಲ್ಲ ಎಂದು ಬ್ಯಾಂಕಿನವರು ನಿಷ್ಠೆ ಮತ್ತು ಗೋಪ್ಯತೆಯ ಘೋಷಣೆಗೆ ಸಹಿ ಹಾಕಿರುತ್ತಾರೆ. ಬೀಳ್ಕೊಡುಗೆಯ ದಿನವೂ ಅದಕ್ಕೆ ವಿನಾಯಿತಿಯಿಲ್ಲ. ಮೇಡಂ ಹೀಗೆ ಹೇಳಿದರೆ ಸಾಕು: ‘ಮಳೆ ಕೈಕೊಟ್ಟ ವರ್ಷವೂ ಈ ಊರು ಬ್ಯಾಂಕಿನ ಕೈ ಬಿಡಲಿಲ್ಲ. ಈ ಶಾಖೆಗೆ ಬಂದ ಒಳ್ಳೇ ಹೆಸರು ನಿಮ್ಮದು.’ ಮೇಲಧಿಕಾರಿಗೆ ಅಂಕಿ ಮೊದಲೇ ಗೊತ್ತಿರುತ್ತದೆ.

ಕೃತಜ್ಞತೆಯನ್ನು ಮಾತ್ರ ಇಂಗ್ಲಿಷಿಗೆ ಬಿಡಬಾರದು. ಗಂಟಲು ಕಟ್ಟಿದಾಗ ‘ಥ್ಯಾಂಕ್ಯೂ ಆಲ್’ ಎಂದು ಮುಗಿಸಿಬಿಡುವವರು ಬಹಳ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಹಾಲ್ ಗುಡಿಸುವ ಅಕ್ಕ, ಬಾಗಿಲಲ್ಲಿ ನಿಂತ ಸೆಕ್ಯುರಿಟಿ, ಮಳೆಯಲ್ಲೂ ಅಂಗಡಿ ಅಂಗಡಿ ತಿರುಗಿದ ಪಿಗ್ಮಿ ಏಜೆಂಟ್, ಇವರ ಹೆಸರು ಹಿಡಿದು ಕನ್ನಡದಲ್ಲಿ ಒಂದೊಂದು ವಾಕ್ಯ ಬೇಕು. ಪಿಗ್ಮಿ ಠೇವಣಿ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಆರಂಭಿಸಿದ ಯೋಜನೆ. ಮೇಡಂ ಕೆಲಸಕ್ಕೆ ಸೇರಿದ ಬ್ಯಾಂಕಿನ ಹೆಸರು ಇಂದು ಬೋರ್ಡಿನ ಮೇಲಿಲ್ಲ, ಪಿಗ್ಮಿ ಎಂಬ ಹೆಸರು ಜನರ ಬಾಯಲ್ಲಿ ಉಳಿದಿದೆ. ಮನೆಯವರಿಗೆ ಹೇಳುವ ಮಾತು ಮನೆಯಲ್ಲಿ ಆಡುವ ಭಾಷೆಯಲ್ಲೇ ಇರಲಿ: ‘ಮಾರ್ಚ್ ಬಂತಂದ್ರೆ ನಾನು ಮನೆಗೆ ಯಾವಾಗ ಬರ್ತೀನಿ ಅಂತ ಇವರು ಕೇಳೋದನ್ನೇ ಬಿಟ್ಟಿದ್ರು. ನನ್ನ ಊಟ ಮಾತ್ರ ಮುಚ್ಚಿಟ್ಟಿರ್ತಿದ್ರು.’

ಭಾಷಣ ದಾರಿ ತಪ್ಪಿದೆಯೇ ಎಂದು ಆಡುವಾಗಲೇ ಗುರುತಿಸಬಹುದು. ನಗು ಸಿಬ್ಬಂದಿ ಕೂತ ಕಡೆಯಿಂದ ಮಾತ್ರ ಬರುತ್ತಿದ್ದರೆ ಬ್ಯಾಂಕಿನ ಪರಿಭಾಷೆ ಹೆಚ್ಚಾಗಿದೆ. ಯುವ ಆಫೀಸರ್‌ಗಳು ಮೊಬೈಲ್ ತೆಗೆದಿದ್ದರೆ ಅವರ ವಾಕ್ಯಕ್ಕೆ ಹೊತ್ತಾಗಿದೆ.

ನಿವೃತ್ತಿಯ ಹೊಸ್ತಿಲಲ್ಲಿರುವ ಬ್ಯಾಂಕ್ ಮಿತ್ರರಿಗೆ ಒಂದು ವಿನಂತಿ. ಹಿಂದಿನ ದಿನವೇ ಒಂದು ಹಾಳೆಯಲ್ಲಿ ಬರುವವರ ಪಟ್ಟಿ ಮಾಡಿ. ಪ್ರತಿಯೊಬ್ಬರ ಎದುರು, ಅವರಿಗೆ ಪೂರ್ತಿ ತಿಳಿಯುವ ಭಾಷೆಯಲ್ಲಿ ಒಂದೇ ಒಂದು ವಾಕ್ಯ ಬರೆಯಿರಿ. ಅಲ್ಲಿಗೆ ನಿಮ್ಮ ಭಾಷಣದ ಮುಕ್ಕಾಲು ಭಾಗ ಸಿದ್ಧವಾಗಿರುತ್ತದೆ.