ಎಂಬತ್ತು ಎಲೆಯ ನಿಶ್ಚಿತಾರ್ಥ: ಫೋಟೊ, ಹೂವು, ವಾಲಗದ ಲೆಕ್ಕ

ನಿಶ್ಚಿತಾರ್ಥದ ಖರ್ಚಿನಲ್ಲಿ ಎರಡು ಬಗೆ. ಊಟ, ತಾಂಬೂಲದ ಚೀಲದಂಥವು ಬರುವ ಜನರಿಗೆ ತಕ್ಕಂತೆ ಏರಿಳಿಯುತ್ತವೆ. ಫೋಟೊಗ್ರಾಫರ್, ಅಲಂಕಾರದವರು, ವಾಲಗದವರು ಕೇಳುವ ಹಣ ಹಾಗಲ್ಲ; ನಲವತ್ತು ಜನ ಬಂದರೂ ಇನ್ನೂರು ಜನ ಬಂದರೂ ಅದು ಹೆಚ್ಚುಕಡಿಮೆ ಅಷ್ಟೇ. ಹೀಗಾಗಿ ಕಾರ್ಯಕ್ರಮ ಸಣ್ಣದಾದಷ್ಟೂ ಒಟ್ಟು ಖರ್ಚಿನಲ್ಲಿ ಈ ಮೂವರ ಪಾಲು ಬೆಳೆಯುತ್ತದೆ.

ತುಮಕೂರಿನಂಥ ಊರಿನಲ್ಲಿ 80 ಜನರ ಒಂದು ನಿಶ್ಚಿತಾರ್ಥ ಎಂದುಕೊಳ್ಳೋಣ. ದರಗಳು ಊರಿಂದೂರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತವೆ. ಇಲ್ಲಿನ ಅಂಕಿಗಳು ಲೆಕ್ಕದ ದಾರಿ ತೋರಿಸಲು ಮಾತ್ರ. ಸಣ್ಣ ಹಾಲ್‌ಗೆ 15,000 ರೂಪಾಯಿ, ಎಲೆಗೆ 250ರಂತೆ ಊಟಕ್ಕೆ 20,000, ತಾಂಬೂಲದ ಚೀಲಗಳಿಗೆ 4,000, ಪುರೋಹಿತರ ದಕ್ಷಿಣೆ, ಹಣ್ಣುಕಾಯಿ, ಪೂಜಾ ಸಾಮಗ್ರಿಗೆ 11,000. ಒಡವೆ ಬಟ್ಟೆ ಬಿಟ್ಟರೆ ಒಟ್ಟು 50,000.

ಇನ್ನು ಮೂವರನ್ನು ವಿಚಾರಿಸಿದಾಗ ಫೋನಿನಲ್ಲಿ ಬಂದ ಉತ್ತರ: ಫೋಟೊಗೆ 12,000, ಸ್ಟೇಜ್ ಅಲಂಕಾರಕ್ಕೆ 15,000, ವಾಲಗಕ್ಕೆ 10,000. ಕೂಡಿದರೆ 37,000. ಬಹಳ ಮನೆಗಳಲ್ಲಿ ಈ ಅಂಕಿಯನ್ನೇ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ತಪ್ಪಾಗುವುದು ಅಲ್ಲೇ.

ಫೋಟೊಗ್ರಾಫರ್ ಹೇಳಿದ 12,000 ಅರ್ಧ ದಿನ ಬಂದು ಫೋಟೊ ತೆಗೆದುಕೊಡುವುದಕ್ಕೆ. ವಿಡಿಯೊಗೆ ಇನ್ನೊಬ್ಬರು ಬರಬೇಕು, ಅದಕ್ಕೆ 8,000, ಆಲ್ಬಮ್‌ಗೆ 7,000. ಅಲ್ಲಿಗೆ 27,000. ಅರ್ಧ ದಿನ ಎಂದರೆ ಎಷ್ಟು ಗಂಟೆ, ಅದು ಎಲ್ಲಿಂದ ಶುರು ಎಂಬುದೂ ಮುಖ್ಯ. ಹುಡುಗಿಯ ಸಿಂಗಾರದ ಫೋಟೊಗೆಂದು ಬೆಳಿಗ್ಗೆ 7ಕ್ಕೇ ಕರೆಸಿದರೆ ಎಣಿಕೆ ಆಗಲೇ ಆರಂಭವಾಗುತ್ತದೆ. ಶುಕ್ರವಾರ ರಾಹುಕಾಲ ಸಾಮಾನ್ಯವಾಗಿ ಹತ್ತೂವರೆಯಿಂದ ಹನ್ನೆರಡು. ಅದಕ್ಕೆ ಮುಂಚೆ ಮುಗಿಯಬೇಕಿದ್ದ ಲಗ್ನಪತ್ರಿಕೆ ಓದುವುದು ತಡವಾದರೆ ಎಲ್ಲರೂ ಹನ್ನೆರಡರವರೆಗೆ ಕಾಯುತ್ತಾರೆ, ಹೆಚ್ಚುವರಿ ಗಂಟೆಯ ಹಣ ಮನೆಯವರ ತಲೆಗೆ ಬರುತ್ತದೆ. ಜಿಎಸ್‌ಟಿ ಬಿಲ್ಲು ಕೊಡುವ ಸ್ಟುಡಿಯೊ ಆದರೆ ಶೇ 18 ತೆರಿಗೆ ಹೇಳಿದ ದರದೊಳಗೇ ಇದೆಯೋ ಹೊರಗಿದೆಯೋ ಎಂದು ಕೇಳಿಕೊಳ್ಳಬೇಕು.

ಅಲಂಕಾರದ 15,000 ಸ್ಟೇಜಿನ ಹಿನ್ನೆಲೆಗೆ ಮಾತ್ರ. ಬಾಗಿಲ ತೋರಣಕ್ಕೆ 3,000, ಸಾಮಾನು ತಂದು, ಕಟ್ಟಿ, ಬಿಚ್ಚಿ ಒಯ್ಯಲು 2,000 ಸೇರಿ 20,000 ಆಯಿತು. ಹೂವಿನ ದರವಂತೂ ಕೈಗೆ ಸಿಗುವಂಥದ್ದಲ್ಲ. ವರಮಹಾಲಕ್ಷ್ಮಿ ಹಬ್ಬದ ಆಸುಪಾಸಿನಲ್ಲಿ ಸೇವಂತಿಗೆ ಮಾರಿಗೆ ಎಷ್ಟಾಗುತ್ತದೆಂದು ಮುಂಚಿತವಾಗಿ ಯಾರೂ ಹೇಳಲಾರರು. ಆಗ ಮೊದಲು ಒಪ್ಪಿದ ಹಣಕ್ಕೆ ಹೂವು ತೆಳುವಾಗುತ್ತದೆ, ಇಲ್ಲವೇ ತಾಜಾ ಹೂವಿನ ಜಾಗಕ್ಕೆ ಬಟ್ಟೆಯ ಹೂವು ಬರುತ್ತದೆ. ಯಾವ ಹೂವು, ಎಷ್ಟು ಅಡಿ ಅಗಲದ ಸ್ಟೇಜು ಎಂದು ಮಾತಾಗಿರದಿದ್ದರೆ ಅಂದು ಬೆಳಿಗ್ಗೆ ತಕರಾರು ತೆಗೆಯಲು ಆಧಾರವೇ ಇರುವುದಿಲ್ಲ.

ವಾಲಗದ ಲೆಕ್ಕ ತಲೆಯ ಮೇಲೆ ನಿಲ್ಲುತ್ತದೆ. ಇಬ್ಬರು ನಾದಸ್ವರ, ಒಬ್ಬರು ಡೋಲು, ಒಬ್ಬರು ತಾಳ, ಹೀಗೆ ನಾಲ್ವರಿಗೆ 10,000. ಬಂದುಹೋಗುವ ಖರ್ಚು 1,500, ತಾಂಬೂಲದ ಜೊತೆ ಕೊಡುವ ದಕ್ಷಿಣೆ 500 ಸೇರಿ 12,000.

ಎಲ್ಲರೂ ಮರೆಯುವ ಒಂದು ಬಾಬತ್ತು ಊಟ. ಫೋಟೊದವರು ಮೂವರು, ಅಲಂಕಾರದವರು ನಾಲ್ವರು, ವಾಲಗದವರು ನಾಲ್ವರು. ಹನ್ನೊಂದು ಎಲೆ, 2,750 ರೂಪಾಯಿ. ಅಡುಗೆಯವರಿಗೆ 80 ಎಂದಷ್ಟೇ ಹೇಳಿದರೆ ಕೊನೆಯ ಪಂಕ್ತಿಗೆ ಪಲ್ಯ ಸಾಲದೆ ಬರುವುದು ಹೀಗೆ. ಬೆಳಗಿನ ಜಾವದಿಂದ ದುಡಿದವರನ್ನು ಹಸಿವಿನಲ್ಲಿ ಕಳಿಸುವುದಂತೂ ಯಾವ ಮನೆಗೂ ಒಪ್ಪುವಂಥದ್ದಲ್ಲ.

ಹೀಗೆ 37,000 ಎಂದುಕೊಂಡದ್ದು 61,750 ಆಯಿತು. ಒಟ್ಟು ಖರ್ಚು 1,11,750. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಈ ಮೂವರದು. ಉಳಿಸಲೆಂದು ಅತಿಥಿಗಳನ್ನು 40ಕ್ಕೆ ಇಳಿಸಿದರೆ ಊಟದಲ್ಲಿ 10,000, ತಾಂಬೂಲದಲ್ಲಿ 2,000 ಮಾತ್ರ ತಗ್ಗುತ್ತದೆ. ನಲವತ್ತು ನೆಂಟರನ್ನು ಬಿಟ್ಟರೂ ಖರ್ಚು 99,750ರಲ್ಲೇ ನಿಲ್ಲುತ್ತದೆ. ತಲಾ ವೆಚ್ಚ 1,400ರ ಹತ್ತಿರ ಇದ್ದದ್ದು 2,500ರ ಹತ್ತಿರಕ್ಕೆ ಏರುತ್ತದೆ.

ಆದ್ದರಿಂದ ಕತ್ತರಿ ಬೀಳಬೇಕಾದದ್ದು ನೆಂಟರ ಪಟ್ಟಿಗಲ್ಲ. ಆಲ್ಬಮ್ಮನ್ನು ಮದುವೆಯ ಆಲ್ಬಮ್ಮಿನ ಜೊತೆಗೇ ಮಾಡಿಸಬಹುದು. ಫೋಟೊದಲ್ಲಿ ಕಾಣುವುದು ಜೋಡಿಯ ಹಿಂದಿನ ಹತ್ತು ಅಡಿ ಮಾತ್ರ, ಬಾಗಿಲಿಗೆ ಮನೆಯವರೇ ಮಾವಿನ ತೋರಣ ಕಟ್ಟಿದರೆ ಸಾಕು. ವಾಲಗ ಬೇಕಾಗುವುದು ತಾಂಬೂಲ ಬದಲಾಯಿಸುವ, ಉಂಗುರ ತೊಡಿಸುವ ಹೊತ್ತಿಗೆ; ಸಣ್ಣ ಹಾಲ್‌ಗೆ ಇಬ್ಬರು ನುಡಿಸಿದರೂ ನಾದ ತುಂಬುತ್ತದೆ. ವಿಡಿಯೊ ಬೇಕೇ ಎಂಬುದನ್ನು ಎರಡೂ ಮನೆಯ ಹಿರಿಯರು ಕೂತು ಮೊದಲೇ ತೀರ್ಮಾನಿಸಲಿ. ಮುಂಗಡ ಕೊಡುವ ಮುನ್ನ ಮೂವರಿಂದಲೂ ಎಷ್ಟು ಜನ, ಎಷ್ಟು ಗಂಟೆ, ಏನೇನು ಸೇರಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ.