ವಿನಯಕ್ಕೂ ಬಿರುಸಿಗೂ ನಡುವೆ

ಚನ್ನಪಟ್ಟಣವು ಬಣ್ಣದ ಮರದ ಬೊಂಬೆಗಳಿಗೆ ಹೆಸರಾದ ಊರು. ಅಲ್ಲಿಯ ಒಂದು ಸಣ್ಣ ಕಾರ್ಖಾನೆಯ ಒಡೆಯರು ಇಂಗ್ಲೆಂಡಿನ ಅಂಗಡಿಯೊಂದಕ್ಕೆ ಬೊಂಬೆಗಳನ್ನು ಕಳುಹಿಸಿದ್ದಾರೆಂದು ಭಾವಿಸೋಣ. ಬಿಲ್ಲಿನ ಮೊತ್ತ 48,000 ರೂಪಾಯಿ; ಅದರ ತಾರೀಖು ಮಾರ್ಚಿ 2. ಮೂವತ್ತು ದಿನಗಳೊಳಗೆ, ಎಂದರೆ ಏಪ್ರಿಲ್ 1ರೊಳಗೆ, ಹಣ ಸಲ್ಲಬೇಕೆಂಬುದು ಒಪ್ಪಂದ. ಏಪ್ರಿಲ್ 15 ಬಂದರೂ ಹಣ ಬಂದಿಲ್ಲ. ಮರ ಕೊಟ್ಟ ವ್ಯಾಪಾರಿಗೆ ತಿಂಗಳ ಕೊನೆಯಲ್ಲಿ ಬಾಕಿ ತೀರಿಸಬೇಕು. ಕೆಲಸಗಾರರಿಗೆ ಕೂಲಿ ಕೊಡಬೇಕು. ಹಾಗೆಂದು ಆ ಅಂಗಡಿಯವರನ್ನು ನೋಯಿಸುವಂತೆಯೂ ಇಲ್ಲ. ಅವರು ದೂರವಾದರೆ ಮುಂದಿನ ವರ್ಷದ ಬೇಡಿಕೆಯೂ ದೂರವಾಗುತ್ತದೆ. ಬಾಕಿಯನ್ನು ಕೇಳಬೇಕು, ಬಾಂಧವ್ಯವನ್ನೂ ಉಳಿಸಿಕೊಳ್ಳಬೇಕು. ಈ ಎರಡು ಕೆಲಸಗಳನ್ನು ಒಂದೇ ಪತ್ರ ಮಾಡಬೇಕಾಗಿದೆ.

ಒಡೆಯರು ಮೊದಲು ಕನ್ನಡದಲ್ಲಿ ಹೀಗೆ ಬರೆದರು: “ಮಾನ್ಯರೇ, ತಮ್ಮಲ್ಲಿ ಸವಿನಯ ವಿಜ್ಞಾಪನೆ. ನಮ್ಮ ಬಿಲ್ಲಿನ ಹಣವು ಇದುವರೆಗೆ ಬಂದಿರುವುದಿಲ್ಲ. ತಾವು ಕೂಡಲೇ ಹಣವನ್ನು ಕಳುಹಿಸಿಕೊಡಬೇಕು. ಅನ್ಯಥಾ ಭಾವಿಸಬಾರದು. ಅಗತ್ಯ ಕ್ರಮವನ್ನು ಕೈಗೊಳ್ಳಬೇಕಾಗಿ ಕೋರಿಕೆ. ಇಂತಿ ತಮ್ಮ ವಿಧೇಯ.”

ಕನ್ನಡದಲ್ಲಿ ಇದು ಕುಂದಿಲ್ಲದ ಪತ್ರ. ಓದಿದವರಿಗೆ ಇದರಲ್ಲಿ ದೈನ್ಯವೂ ಕಾಣದು, ದರ್ಪವೂ ಕಾಣದು. ಇದನ್ನೇ ಅವರ ಮಗನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತಿರುಗಿಸಿದನು: “ರೆಸ್ಪೆಕ್ಟೆಡ್ ಸರ್, ಐ ಹಂಬ್ಲಿ ಬೆಗ್ ಟು ಸಬ್ಮಿಟ್ ದಟ್ ದಿ ಮನಿ ಆಫ್ ಅವರ್ ಬಿಲ್ ಹ್ಯಾಸ್ ನಾಟ್ ಕಮ್ ಟಿಲ್ ನೌ. ಯೂ ಮಸ್ಟ್ ಸೆಂಡ್ ದಿ ಮನಿ ಇಮ್ಮೀಡಿಯೆಟ್ಲಿ. ಪ್ಲೀಸ್ ಡು ನಾಟ್ ಥಿಂಕ್ ಅದರ್‌ವೈಸ್. ಕೈಂಡ್ಲಿ ಡು ದಿ ನೀಡ್‌ಫುಲ್. ಯುವರ್ಸ್ ಒಬೀಡಿಯಂಟ್ಲಿ.”

ಈಗ ಪತ್ರದ ಮುಖವೇ ಬದಲಾಯಿತು. ಮೊದಲ ಸಾಲಿನಲ್ಲಿ ಬರೆದವನು ಕೈಯೊಡ್ಡಿ ಬೇಡುತ್ತಾನೆ. ಎರಡನೆಯ ಸಾಲಿನಲ್ಲಿ ಬೆರಳೆತ್ತಿ ಗದರಿಸುತ್ತಾನೆ. ಕೊನೆಯಲ್ಲಿ ಮತ್ತೆ ಆಳಿನಂತೆ ತಲೆಬಾಗುತ್ತಾನೆ. ಒಂದು ಪದವನ್ನೂ ತಪ್ಪಾಗಿ ಅನುವಾದಿಸದಿದ್ದರೂ ಹೀಗಾದುದು ಹೇಗೆ?

ಕಾರಣ ಇಷ್ಟೇ: ಎರಡು ಭಾಷೆಗಳಲ್ಲಿ ಸೌಜನ್ಯವು ನೆಲೆಸಿರುವ ಜಾಗ ಬೇರೆ ಬೇರೆ. ‘ಕಳುಹಿಸಿಕೊಡಬೇಕು’ ಎಂಬ ಒಂದು ಪದವನ್ನೇ ನೋಡೋಣ. ಅದರ ಮುಂದೆ ‘ತಾವು’ ಎಂಬ ಗೌರವದ ಸರ್ವನಾಮವಿದೆ. ‘ಕಳುಹಿಸು’ ಎಂಬ ಕ್ರಿಯಾಪದಕ್ಕೆ ‘ಕೊಡು’ ಎಂಬ ಸಹಾಯಕ ಕ್ರಿಯೆ ಸೇರಿ, ಈ ಕೆಲಸವನ್ನು ತಾವು ನಮಗಾಗಿ ಮಾಡುತ್ತಿರುವಿರಿ ಎಂಬ ಉಪಕಾರದ ಭಾವವನ್ನು ತಂದಿದೆ. ಇನ್ನು ‘ಬೇಕು’ ಎಂಬುದು ನಮ್ಮಲ್ಲಿ ಆಜ್ಞೆಗೂ ಸಲ್ಲುತ್ತದೆ, ಬಿನ್ನಹಕ್ಕೂ ಸಲ್ಲುತ್ತದೆ. ಮದುವೆಯ ಕರೆಯೋಲೆಯಲ್ಲಿ “ತಾವು ಸಕುಟುಂಬರಾಗಿ ಬಂದು ಆಶೀರ್ವದಿಸಬೇಕು” ಎಂದು ಬರೆದರೆ ಅದನ್ನು ಯಾರೂ ಅಪ್ಪಣೆಯೆಂದು ತಿಳಿಯುವುದಿಲ್ಲ.

ಇಂಗ್ಲಿಷಿನಲ್ಲಿ ಈ ಮೂರೂ ಇಲ್ಲ. ನೀನು, ನೀವು, ತಾವು ಎಂಬ ಮೂರಕ್ಕೂ ಅಲ್ಲಿ ‘ಯೂ’ ಒಂದೇ. ‘ಕೊಡು’ ಎಂಬ ಸಹಾಯಕ ಕ್ರಿಯೆಗೆ ಸಮನಾದುದು ಅಲ್ಲಿಲ್ಲ. ‘ಬೇಕು’ ಎಂಬುದಕ್ಕೆ ‘ಮಸ್ಟ್’ ಎಂದು ಬರೆದರೆ ಆಜ್ಞೆಯೊಂದೇ ಉಳಿಯುತ್ತದೆ. “ಯೂ ಮಸ್ಟ್ ಕಮ್ ಟು ಡಿನ್ನರ್” ಎಂದು ಇಂಗ್ಲಿಷರೂ ಆತ್ಮೀಯವಾಗಿ ಹೇಳುವುದುಂಟು. ಆದರೆ ಅಲ್ಲಿ ಊಟದ ಲಾಭ ಕೇಳುವವನಿಗೆ. ಲಾಭವು ಹೇಳುವವನಿಗೆ ಸೇರುವಾಗ ಅದೇ ‘ಮಸ್ಟ್’ ಗದರಿಕೆಯಾಗುತ್ತದೆ. ಹಣವನ್ನು ಕೇಳುವ ಪತ್ರದಲ್ಲಿ ಅದು ಸಲ್ಲದಿರುವುದು ಇದರಿಂದಲೇ.

ಹೀಗೆ ಕ್ರಿಯಾಪದದ ಬಾಲದಲ್ಲಿದ್ದ ಸೌಜನ್ಯವು ಅನುವಾದದಲ್ಲಿ ಉದುರಿಹೋಗುತ್ತದೆ. ಏನೋ ಕೊರತೆಯಾಯಿತೆಂದು ಬರೆಯುವವನಿಗೂ ಅನಿಸುತ್ತದೆ. ಅದನ್ನು ತುಂಬಲೆಂದು ಅವನು ‘ಹಂಬ್ಲಿ’, ‘ಬೆಗ್’, ‘ಕೈಂಡ್ಲಿ’ ಎಂಬ ಪದಗಳನ್ನು ಮೇಲಿಂದ ಸುರಿಯುತ್ತಾನೆ. ಅತಿ ಬಿರುಸು ಮತ್ತು ಅತಿ ವಿನಯ ಎರಡೂ ಒಂದೇ ಬೇರಿನಿಂದ ಹುಟ್ಟಿದ ದೋಷಗಳು.

ಹಾಗಾದರೆ ಇಂಗ್ಲಿಷಿನಲ್ಲಿ ಸೌಜನ್ಯವು ಎಲ್ಲಿದೆ? ಬಹುಮಟ್ಟಿಗೆ ಅದು ವಾಕ್ಯದ ಕಟ್ಟಡದಲ್ಲಿದೆ. ಕೋರಿಕೆಯನ್ನು ಪ್ರಶ್ನೆಯ ರೂಪದಲ್ಲಿ ಇಡುವುದು ಅದರ ಮುಖ್ಯ ಮಾರ್ಗ. “ಸೆಂಡ್ ದಿ ಮನಿ” ಎಂಬುದು ಆಜ್ಞೆ. ಅದಕ್ಕೆ ‘ಪ್ಲೀಸ್’ ಸೇರಿಸಿದರೂ ಅದು ಮೆದುವಾದ ಆಜ್ಞೆಯೇ. “ಕುಡ್ ಯೂ ಪ್ಲೀಸ್ ಸೆಂಡ್ ದಿ ಮನಿ?” ಎಂದಾಗ ಮಾತ್ರ ಉತ್ತರ ಹೇಳುವ ಸ್ವಾತಂತ್ರ್ಯವು ಎದುರಿನವನಿಗೆ ದೊರೆಯುತ್ತದೆ. ಇಲ್ಲಿ ‘ಕುಡ್’ ಎಂಬುದು ರೂಪದಲ್ಲಿ ಭೂತಕಾಲ, ಅರ್ಥದಲ್ಲಿ ಅಲ್ಲ. ಅದು ಕೋರಿಕೆಯನ್ನು ತುಸು ದೂರದಲ್ಲಿ ನಿಲ್ಲಿಸಿ ಅದರ ಬಿರುಸನ್ನು ತಗ್ಗಿಸುತ್ತದೆ. “ಕೊಂಚ ನೀರು ಕೊಡುವಿರಾ?” ಎಂದು ಅಪರಿಚಿತರ ಮನೆಯ ಬಾಗಿಲಲ್ಲಿ ಕೇಳುವ ನಮಗೆ ಈ ರೀತಿ ಹೊಸದೇನೂ ಅಲ್ಲ.

ಎರಡನೆಯ ಮಾರ್ಗವೆಂದರೆ ದೋಷವನ್ನು ವ್ಯಕ್ತಿಯ ಮೇಲೆ ಹೊರಿಸದೆ ಸಂಗತಿಯನ್ನಷ್ಟೇ ಹೇಳುವುದು. “ಯೂ ಹ್ಯಾವ್ ನಾಟ್ ಪೇಯ್ಡ್” ಎಂದರೆ ‘ನೀವು ಹಣ ಕೊಟ್ಟಿಲ್ಲ’ ಎಂಬ ಆರೋಪವಾಯಿತು. “ವಿ ಹ್ಯಾವ್ ನಾಟ್ ಯೆಟ್ ರಿಸೀವ್ಡ್ ದಿ ಪೇಮೆಂಟ್” ಎಂದರೆ ‘ನಮಗೆ ಇನ್ನೂ ತಲುಪಿಲ್ಲ’ ಎಂದಾಯಿತು. ಹಣವು ಬ್ಯಾಂಕಿನ ದಾರಿಯಲ್ಲಿ ತಡೆದಿರಲೂಬಹುದು. ಸಂಗತಿ ಒಂದೇ ಆದರೂ ಎರಡನೆಯ ವಾಕ್ಯವು ಎದುರಿನವನ ಮಾನವನ್ನು ಕಾಯುತ್ತದೆ.

ಈಗ ಉಳಿದ ನುಡಿಗಟ್ಟುಗಳನ್ನು ಒಂದೊಂದಾಗಿ ಪರಿಶೀಲಿಸೋಣ. ‘ಸವಿನಯ ವಿಜ್ಞಾಪನೆ’ ಎಂಬುದು ನಮ್ಮಲ್ಲಿ ಪತ್ರದ ಬಾಗಿಲು ತೆರೆಯುವ ವಾಡಿಕೆಯ ಮಾತು. ಅದರ ಅಕ್ಷರಾರ್ಥವನ್ನು ಯಾರೂ ಎಣಿಸುವುದಿಲ್ಲ. ‘ಐ ಹಂಬ್ಲಿ ಬೆಗ್’ ಎಂಬಂಥ ಮಾತುಗಳು ಬ್ರಿಟಿಷರ ಆಳ್ವಿಕೆಯ ಕಾಲದ ಅರ್ಜಿಗಳಲ್ಲಿ ರೂಢಿಯಲ್ಲಿದ್ದವು. ಅಧಿಕಾರಿಗಳು ಕೂಡ ತಮ್ಮ ಪತ್ರಗಳ ಕೊನೆಯಲ್ಲಿ ‘ಯುವರ್ ಮೋಸ್ಟ್ ಒಬೀಡಿಯಂಟ್ ಸರ್ವೆಂಟ್’ ಎಂದು ಬರೆಯುತ್ತಿದ್ದರು. ಇಂಗ್ಲೆಂಡಿನ ವ್ಯಾಪಾರದ ಪತ್ರಗಳಲ್ಲಿ ಅವು ಈಗ ಬಳಕೆಯಲ್ಲಿಲ್ಲ. ಇಂದು ಅವನ್ನು ಓದುವವನು ಅಕ್ಷರಾರ್ಥವನ್ನೇ ಹಿಡಿಯುತ್ತಾನೆ. ನ್ಯಾಯವಾಗಿ ಬರಬೇಕಾದ ಹಣವನ್ನು ಬೇಡಿಕೊಳ್ಳುವವನನ್ನು ಕಂಡಾಗ, ‘ಇವನು ಕಾಯಬಲ್ಲನು’ ಎಂದು ಅವನಿಗೆ ತೋರಿದರೆ ಆಶ್ಚರ್ಯವಿಲ್ಲ.

‘ಅನ್ಯಥಾ ಭಾವಿಸಬಾರದು’ ಎಂಬುದಕ್ಕೆ ಇಂಗ್ಲಿಷಿನಲ್ಲಿ ನೇರವಾದ ಸಮಾನ ಮಾತಿಲ್ಲ. ‘ಥಿಂಕ್ ಅದರ್‌ವೈಸ್’ ಎಂದರೆ ಏನನ್ನು ಬೇರೆಯಾಗಿ ತಿಳಿಯಬಾರದು ಎಂದು ಓದುವವನು ಯೋಚಿಸತೊಡಗುತ್ತಾನೆ. ಇಲ್ಲದ ಸಂದೇಹ ಹುಟ್ಟುತ್ತದೆ. ಈ ಮಾತನ್ನು ಬಿಟ್ಟು, ಅದರ ಜಾಗದಲ್ಲಿ ಕೇಳುತ್ತಿರುವ ಕಾರಣವನ್ನು ಹೇಳುವುದು ಲೇಸು. ಮರದ ವ್ಯಾಪಾರಿಗೆ ತಿಂಗಳ ಕೊನೆಯಲ್ಲಿ ಹಣ ಸಲ್ಲಿಸಬೇಕಾಗಿದೆ ಎಂಬ ಒಂದು ಸಾಲು ಅದೇ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತದೆ.

‘ಡು ದಿ ನೀಡ್‌ಫುಲ್’ ಎಂಬುದು ಒಮ್ಮೆ ಇಂಗ್ಲೆಂಡಿನಲ್ಲಿಯೂ ಬಳಕೆಯಲ್ಲಿದ್ದ ಮಾತೇ. ಅಲ್ಲಿ ಅದು ಹಳತಾಯಿತು. ನಮ್ಮ ಕಚೇರಿಗಳಲ್ಲಿ ಉಳಿದುಕೊಂಡಿತು. ಅದರ ದೋಷವು ಹಳತಾಗಿರುವುದಷ್ಟೇ ಅಲ್ಲ. ಅಗತ್ಯವಾದ ಕ್ರಮ ಯಾವುದೆಂದು ಅದು ಹೇಳುವುದಿಲ್ಲ. ಹಣವನ್ನು ಕಳುಹಿಸಬೇಕೋ, ತಾರೀಖನ್ನು ತಿಳಿಸಬೇಕೋ ಎಂಬುದನ್ನು ಓದುವವನೇ ಊಹಿಸಬೇಕು. ಬೇಕಾದ ಕೆಲಸವನ್ನೂ ಅದರ ದಿನವನ್ನೂ ಹೆಸರಿಸಿದರೆ ಈ ಮಾತಿಗೆ ಜಾಗವೇ ಉಳಿಯದು. ‘ಇಮ್ಮೀಡಿಯೆಟ್ಲಿ’ ಎಂಬುದರ ಮಾತೂ ಹಾಗೆಯೇ. ‘ಕೂಡಲೇ’ ಎಂಬುದು ಅವಸರಪಡಿಸುತ್ತದೆ; ‘ಏಪ್ರಿಲ್ 22ರೊಳಗೆ’ ಎಂಬುದು ದಾರಿ ತೋರಿಸುತ್ತದೆ.

ಕೊನೆಗೆ ಸಂಬೋಧನೆ. ಪರಿಚಯವಿಲ್ಲದವರನ್ನು ‘ಡಿಯರ್’, ಎಂದರೆ ‘ಪ್ರಿಯ’, ಎಂದು ಕರೆಯಲು ನಮ್ಮವರು ಅಂಜುತ್ತಾರೆ. ಆದರೆ ಇಂಗ್ಲಿಷ್ ಪತ್ರದಲ್ಲಿ ಅದು ಪ್ರೀತಿಯ ಮಾತಲ್ಲ, ಬರಿಯ ಪದ್ಧತಿ. ‘ಡಿಯರ್ ಸರ್’ ಎಂದು ಆರಂಭಿಸಿದರೆ ‘ಯುವರ್ಸ್ ಫೇತ್‌ಫುಲಿ’ ಎಂದೂ, ಹೆಸರು ಹಿಡಿದು ಆರಂಭಿಸಿದರೆ ‘ಯುವರ್ಸ್ ಸಿನ್ಸಿಯರ್ಲಿ’ ಎಂದೂ ಮುಗಿಸುವುದು ಬ್ರಿಟಿಷರ ವಾಡಿಕೆ. ಮಾರುವವನೂ ಕೊಳ್ಳುವವನೂ ಸಮಾನರು. ಅವರ ನಡುವೆ ವಿಧೇಯತೆಯ ಪ್ರಶ್ನೆಯಿಲ್ಲ.

ಈ ವಿಚಾರಗಳನ್ನೆಲ್ಲ ಮನಸ್ಸಿನಲ್ಲಿಟ್ಟು ಪತ್ರವನ್ನು ಮತ್ತೆ ಬರೆದರೆ ಅದು ಹೀಗಾಗುತ್ತದೆ: “ಡಿಯರ್ ಸರ್, ಅವರ್ ಬಿಲ್ ಆಫ್ 2 ಮಾರ್ಚ್ ಫಾರ್ 48,000 ರುಪೀಸ್ ವಾಸ್ ಡ್ಯೂ ಆನ್ 1 ಏಪ್ರಿಲ್, ಅಂಡ್ ವಿ ಹ್ಯಾವ್ ನಾಟ್ ಯೆಟ್ ರಿಸೀವ್ಡ್ ದಿ ಪೇಮೆಂಟ್. ವಿ ಹ್ಯಾವ್ ಟು ಪೇ ಅವರ್ ವುಡ್ ಸಪ್ಲೈಯರ್ ಅಟ್ ದಿ ಎಂಡ್ ಆಫ್ ದಿಸ್ ಮಂತ್. ಕುಡ್ ಯೂ ಪ್ಲೀಸ್ ಸೆಂಡ್ ಇಟ್ ಬೈ 22 ಏಪ್ರಿಲ್? ಇಫ್ ಯೂ ಹ್ಯಾವ್ ಆಲ್ರೆಡಿ ಡನ್ ಸೋ, ಪ್ಲೀಸ್ ಇಗ್ನೋರ್ ದಿಸ್ ಲೆಟರ್. ಯುವರ್ಸ್ ಫೇತ್‌ಫುಲಿ.”

ಇಲ್ಲಿ ಬಿಲ್ಲಿನ ತಾರೀಖು, ಮೊತ್ತ, ಗಡುವು ಇವೆಲ್ಲ ಸ್ಪಷ್ಟವಾಗಿವೆ. ಇದು ದೈನ್ಯವನ್ನು ದೂರವಿಡುತ್ತದೆ. ಕೋರಿಕೆಯು ಪ್ರಶ್ನೆಯ ರೂಪದಲ್ಲಿದೆ. ಇದು ಬಿರುಸನ್ನು ದೂರವಿಡುತ್ತದೆ. ‘ಈಗಾಗಲೇ ಕಳುಹಿಸಿದ್ದರೆ ಈ ಪತ್ರವನ್ನು ಮರೆತುಬಿಡಿ’ ಎಂಬ ಕೊನೆಯ ವಾಕ್ಯವು, ‘ಅನ್ಯಥಾ ಭಾವಿಸಬಾರದು’ ಎಂದು ಒಡೆಯರು ಹೇಳಬಯಸಿದ್ದನ್ನು ಇಂಗ್ಲಿಷಿನ ರೀತಿಯಲ್ಲಿ ಹೇಳುತ್ತದೆ.

ಆದರೆ ಒಂದು ಎಚ್ಚರಿಕೆ ಅವಶ್ಯಕ. ಮೆದುಮಾತಿಗೂ ಮಿತಿಯುಂಟು. ‘ಕುಡ್’ ಒಳ್ಳೆಯದೆಂದು ಅದರ ಮೇಲೆ ‘ಪಾಸಿಬ್ಲಿ’, ‘ಪರ್‌ಹ್ಯಾಪ್ಸ್’ ಎಂದು ಹೇರುತ್ತ ಹೋದರೆ, ಸಲ್ಲಬೇಕಾದ ಸಾಲವು ಕೇಳಿಕೊಂಡ ಉಪಕಾರದಂತೆ ತೋರುತ್ತದೆ. ಮೂರನೆಯ ಬಾರಿ ಬರೆದರೂ ಹಣ ಬಾರದಿದ್ದರೆ ಪ್ರಶ್ನೆಯನ್ನು ಬಿಟ್ಟು, ‘ಹಣ ತಲುಪುವವರೆಗೆ ಮುಂದಿನ ಸರಕನ್ನು ಕಳುಹಿಸಲಾರೆವು’ ಎಂದು ನೇರವಾಗಿ ತಿಳಿಸುವುದೇ ಯೋಗ್ಯ. ಇನ್ನು ನಮ್ಮ ನಾಡಿನ ಕಚೇರಿಗೆ ಬರೆಯುವಾಗ ‘ರೆಸ್ಪೆಕ್ಟೆಡ್ ಸರ್’ ಎಂದರೆ ಯಾರೂ ಬೇಸರಪಡುವುದಿಲ್ಲ. ಅಲ್ಲಿ ಅದು ಬಳಕೆಯ ಮಾತೇ ಆಗಿದೆ. ಆದುದರಿಂದ ಪತ್ರವನ್ನು ಓದುವವರು ಯಾರೆಂಬುದನ್ನು ಮೊದಲು ನೆನೆಯಬೇಕು. ಬಳಿಕ, ಕನ್ನಡದ ಪದಕ್ಕೆ ಇಂಗ್ಲಿಷ್ ಪದವನ್ನು ಹುಡುಕುವ ಬದಲು, ‘ಈ ಮಾತು ಇಲ್ಲಿ ಯಾವ ಕೆಲಸವನ್ನು ಮಾಡುತ್ತಿದೆ?’ ಎಂದು ಕೇಳಿಕೊಳ್ಳಬೇಕು. ಆ ಕೆಲಸವನ್ನು ಮಾಡುವ ಇಂಗ್ಲಿಷ್ ವಾಕ್ಯವೇ ಸರಿಯಾದ ಅನುವಾದ.

ಅಭ್ಯಾಸ

1. ‘ಕಳುಹಿಸಿಕೊಡಬೇಕು’ ಎಂಬ ಪದದಲ್ಲಿ ಸೌಜನ್ಯವು ಹೇಗೆ ವ್ಯಕ್ತವಾಗಿದೆ? ‘ಮಸ್ಟ್ ಸೆಂಡ್’ ಎಂಬಲ್ಲಿ ಅದು ಏಕೆ ಉಳಿಯುವುದಿಲ್ಲ?
2. ಅತಿ ವಿನಯ ಮತ್ತು ಅತಿ ಬಿರುಸು ಒಂದೇ ಬೇರಿನಿಂದ ಹುಟ್ಟುತ್ತವೆಂದು ಲೇಖಕರು ಹೇಳಲು ಕಾರಣವೇನು?
3. “ತಾವು ಕಳುಹಿಸಿದ ಸರಕಿನಲ್ಲಿ ಆರು ಬೊಂಬೆಗಳು ಒಡೆದಿರುತ್ತವೆ. ಅಗತ್ಯ ಕ್ರಮ ಕೈಗೊಳ್ಳಬೇಕು.” ಈ ಮಾತನ್ನು ಸೌಜನ್ಯದ ಇಂಗ್ಲಿಷಿನಲ್ಲಿ ಬರೆಯಿರಿ.